ಒಟ್ಟು ತಾಳೆಯಾಗಿತ್ತು, ಲೇಬರ್ ಮಾತ್ರ 350: ಒಂದು ಗ್ಯಾರೇಜ್ ಬಿಲ್ಲಿನ ಪ್ರಕರಣ

ದಾವಣಗೆರೆಯಲ್ಲಿ ಸಿಮೆಂಟು, ಪೈಪು, ಹಾರ್ಡ್‌ವೇರ್ ಸಗಟು ಮಾರುವ ಒಂದು ಅಂಗಡಿ. ಹರಿಹರ, ಜಗಳೂರು, ಚನ್ನಗಿರಿ ಕಡೆ ಮಾಲು ಇಳಿಸಿ ಬರಲು ಸ್ವಂತದ ನಾಲ್ಕು ಮಿನಿ ಲಾರಿಗಳಿವೆ. ನಾನು ಅಲ್ಲಿಗೆ ತಿಂಗಳಿಗೊಮ್ಮೆ ಹೋಗಿ ಲೆಕ್ಕ ನೋಡಿಕೊಡುವವನು. ಅಂಗಡಿ, ಗ್ಯಾರೇಜು, ಗಾಡಿ ಯಾವುದೆಂದು ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಬಿಲ್ಲಿನ ಸ್ವರೂಪ ಮಾತ್ರ ಇದ್ದ ಹಾಗೇ ಇದೆ.

ಈ ಅಂಗಡಿಯಲ್ಲಿ ಗಾಡಿ ರಿಪೇರಿಗೆ ಬೇರೆಯೇ ಒಂದು ಖಾತೆ ಇದೆ. ಎಕ್ಸೆಲ್ ಹಾಳೆ, ಒಂದು ಬಿಲ್ಲಿಗೆ ಒಂದು ಸಾಲು: ದಿನಾಂಕ, ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ಓಡಿದ ಕಿಲೋಮೀಟರ್, ಗ್ಯಾರೇಜು, ಸ್ಪೇರ್ಸ್ ಎಷ್ಟು, ಲೇಬರ್ ಎಷ್ಟು, ಒಟ್ಟು ಎಷ್ಟು. ಸ್ಪೇರ್ಸ್ ಮತ್ತು ಲೇಬರ್ ಬೇರೆ ಬೇರೆ ಬೇಕು ಎಂದವರು ಸಾವ್ಕಾರ್ರೇ. ಸಾಮಾನಿನ ಖರ್ಚು ಏರುತ್ತಾ ಹೋದರೆ ಗಾಡಿಗೆ ವಯಸ್ಸಾಯಿತು ಅಂತ ಅರ್ಥ. ಸಾಮಾನು ಕಡಿಮೆ ಇದ್ದು ಲೇಬರ್ ಏರುತ್ತಿದ್ದರೆ, ಅದೇ ಕೆಲಸವನ್ನು ಯಾರೋ ಮತ್ತೆ ಮತ್ತೆ ಬಿಚ್ಚಿ ಕೂಡಿಸುತ್ತಿದ್ದಾರೆ ಅಂತ ಅರ್ಥ. ಯಾವ ಗಾಡಿ ಮಾರಬೇಕು, ಯಾವ ಗ್ಯಾರೇಜು ಬಿಡಬೇಕು ಎನ್ನುವುದನ್ನು ಅವರು ಈ ಎರಡು ಕಾಲಂ ನೋಡಿಯೇ ತೀರ್ಮಾನಿಸುತ್ತಾರೆ.

ಬಿಲ್ಲು ಅಂಗಡಿಗೆ ಬರುವುದು ಫೋಟೋ ಆಗಿ. ಗ್ಯಾರೇಜಿನವರು ಕೊಟ್ಟ ಕಾಗದವನ್ನು ಡ್ರೈವರ್ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಮಾಲು ಇಳಿಸುವ ಬಿಡುವಿನಲ್ಲಿ ಬಾನೆಟ್ ಮೇಲೆ ಹರಡಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಲೆಕ್ಕ ಬರೆಯುವ ಹುಡುಗ ಅದನ್ನು ನೋಡಿ ಹಾಳೆಗೆ ಏರಿಸುತ್ತಾನೆ. ಮೂಲ ಕಾಗದ ಕೆಲವು ಸಲ ವಾರ ಬಿಟ್ಟು ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಸಿಕ್ಕಿಬಿದ್ದದ್ದು ಹೇಗೆ

2025ರ ಅಕ್ಟೋಬರಿನ ಸಾಲುಗಳನ್ನು ನೋಡುತ್ತಿದ್ದಾಗ ಒಂದು ಗಾಡಿಯ ಎದುರು ಸ್ಪೇರ್ಸ್ 11,650, ಲೇಬರ್ 350, ಒಟ್ಟು 12,000 ಎಂದಿತ್ತು. ಷರಾ: ಕ್ಲಚ್ ಕೆಲಸ. ಜಿ.ಎಸ್.ಟಿ. ಶೇ. 18ರಂತೆ 2,160 ಬೇರೆ ಕಾಲಂನಲ್ಲಿ, ಕೊಟ್ಟದ್ದು 14,160. ಬ್ಯಾಂಕಿನಿಂದ ಹೋದದ್ದೂ ಅಷ್ಟೇ. ಕೂಡಿದರೆ ಎಲ್ಲ ಸರಿ.

ಆದರೆ ಮಿನಿ ಲಾರಿಯ ಕ್ಲಚ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಇಬ್ಬರು ಹಿಡಿದುಕೊಂಡು ಅರ್ಧ ದಿನಕ್ಕೂ ಮೇಲೆ ಮಾಡುವ ಕೆಲಸ. 350 ರೂಪಾಯಿಗೆ ಗೇರ್‌ಬಾಕ್ಸ್ ಇಳಿಸುವ ಗ್ಯಾರೇಜು ನಮ್ಮ ಜಿಲ್ಲೆಯಲ್ಲಂತೂ ಇಲ್ಲ.

ಹುಡುಗನನ್ನು ಕೇಳಿದೆ. "ಟೋಟಲ್ ತಾಳೆ ಆಗೈತಲ್ಲ ಸರ್, ಪೈಸೆ ವ್ಯತ್ಯಾಸ ಇಲ್ಲ" ಎಂದ. ಅವನ ಮಾತು ನಿಜ. ಈ ಪ್ರಕರಣದ ಗಂಟು ಇರುವುದೂ ಅಲ್ಲೇ. ಒಂದು ಸಾಲನ್ನು ಲೇಬರಿನಿಂದ ತೆಗೆದು ಸ್ಪೇರ್ಸಿಗೆ ಹಾಕಿದರೆ ಒಟ್ಟು ಮೊತ್ತ ಕದಲುವುದಿಲ್ಲ. ಅಂಕಿ ತಪ್ಪಾಗಿ ಓದಿದ್ದರೆ ತಾಳೆ ನೋಡುವಾಗ ಸಿಗುತ್ತದೆ. ವಿಂಗಡಣೆ ತಪ್ಪಿದ್ದರೆ ಎಷ್ಟು ಸಲ ಕೂಡಿದರೂ ಸಿಗುವುದಿಲ್ಲ. ಅದಕ್ಕೆ ಬಿಲ್ಲಿನೊಳಗಿನದೇ ಬೇರೊಂದು ಸಾಕ್ಷಿ ಬೇಕು.

ಫೋಟೋ ತೆರೆದು ನೋಡಿದೆವು. ಕಾಣುತ್ತಿದ್ದದ್ದು ಇಷ್ಟು:

```
1 CLUTCH SET            1    6400
2 RELEASE BEARING       1     950
3 CRANK REAR OIL SEAL   1     380
4 GEAR OIL          2 LTR     840
5 CLUTCH ASSY R/R       1    2800
6 F/W FACING O/S        1     700
7 CONSUMABLES                 150
8 LABOUR GEN CHECKUP          350
  LESS DISC                   570
```

ಹೆಸರಿಗೂ ಸಂಖ್ಯೆಗೂ ನಡುವೆ ಇದ್ದ ಜಿ.ಎಸ್.ಟಿ. ಕೋಡ್ ಕಾಲಂ ಸರಿಯಾಗಿ ಕಾಗದದ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ತಳದ ಎರಡು ಬೆರಳಷ್ಟು ಜಾಗ ಫೋಟೋದಲ್ಲೇ ಬಂದಿರಲಿಲ್ಲ.

ಹುಡುಗ ಮಾಡಿದ್ದು ಸಹಜವಾದದ್ದೇ. `LABOUR` ಅಂತ ಬರೆದಿದ್ದ ಒಂದೇ ಸಾಲನ್ನು ಲೇಬರಿಗೆ ಹಾಕಿದ, ಉಳಿದದ್ದೆಲ್ಲ ಸಾಮಾನು ಎಂದುಕೊಂಡ. ಐದನೇ ಸಾಲು ಕ್ಲಚ್ ಅಂತ ಶುರುವಾಗುತ್ತದೆ, ಪಕ್ಕದಲ್ಲಿ ಒಂದು ಎಂಬ ಸಂಖ್ಯೆಯೂ ಇದೆ. ಅದೂ ಒಂದು ಸಾಮಾನಿನ ಹಾಗೇ ಕಾಣುತ್ತದೆ. ಗ್ಯಾರೇಜಿನವರ ಬರಹದಲ್ಲಿ `R/R` ಎಂದರೆ ಬಿಚ್ಚಿ ಮತ್ತೆ ಕೂಡಿಸಿದ್ದು, ಅಂದರೆ ಅಪ್ಪಟ ಲೇಬರ್. ಗೇರ್‌ಬಾಕ್ಸ್ ಇಳಿಸಿದ ಕೂಲಿ ಈ 2,800. ಆರನೇ ಸಾಲು ಫ್ಲೈವೀಲಿನ ಮುಖವನ್ನು ಲೇತಿನಲ್ಲಿ ಸಮ ಮಾಡಿಸಿದ್ದು. `O/S` ಎಂದರೆ ಹೊರಗಡೆ ಮಾಡಿಸಿದ ಕೆಲಸ. ಅದೂ ಸಾಮಾನಲ್ಲ.

ಮೊದಲು ಹಿಡಿದ ದಾರಿಗಳು

ಹುಡುಗ ಚುರುಕು. ತಕ್ಷಣ ಒಂದು ಪದಪಟ್ಟಿ ಮಾಡಿದ: `R/R`, `O/H`, `FACING`, `FITTING`, `CHECKUP` ಇವುಗಳಲ್ಲಿ ಯಾವುದಿದ್ದರೂ ಲೇಬರ್. ಈ ಬಿಲ್ಲಿಗೆ ಅದು ಸರಿಹೋಯಿತು. ಹಿಂದಿನ ಬಿಲ್ಲುಗಳ ಮೇಲೆ ಪ್ರಯೋಗ ಮಾಡಿದಾಗ ಮುಗ್ಗರಿಸಿತು. ಇನ್ನೊಂದು ಗಾಡಿಯ ಬಿಲ್ಲಿನಲ್ಲಿ `MASTER CYL O/H KIT` ಎಂದಿತ್ತು. `O/H` ಎಂದರೆ ಓವರ್‌ಹಾಲ್, ಪೂರ್ತಿ ಬಿಚ್ಚಿ ಸರಿಪಡಿಸುವ ಕೆಲಸ ನಿಜ, ಆದರೆ ಓವರ್‌ಹಾಲ್ ಕಿಟ್ ಎಂದರೆ ಪೊಟ್ಟಣದಲ್ಲಿ ಬರುವ ರಬ್ಬರು, ವಾಶರುಗಳು. ಅದು ಸಾಮಾನು. ಗ್ಯಾರೇಜಿನಿಂದ ಗ್ಯಾರೇಜಿಗೆ ಬರೆಯುವ ರೀತಿ ಬೇರೆ, ಒಂದೇ ಗ್ಯಾರೇಜಿನಲ್ಲಿ ಬಿಲ್ಲು ಹೊಡೆಯುವವರು ಬದಲಾದರೂ ಬೇರೆ. ಪದಪಟ್ಟಿ ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು.

ಎರಡನೆಯದು ತೆರಿಗೆ ದರದ ದಾರಿ. ಇದು ನನಗೆ ಬಹಳ ಇಷ್ಟವಾಗಿದ್ದ ಉಪಾಯ, ಈಗ ಕೈಬಿಟ್ಟಿದೆ. ಬಿಲ್ಲಿನಲ್ಲಿ ಸಾಮಾನಿನ ಬೆಲೆ, ಕೆಲಸದ ಬೆಲೆ ಬೇರೆ ಬೇರೆ ತೋರಿಸಿದ್ದರೆ ಅವುಗಳಿಗೆ ಅವುಗಳದೇ ದರ ಹಾಕಬೇಕೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರ ಜೂನ್ 8ರ ಸುತ್ತೋಲೆಯಲ್ಲಿ ಹೇಳಿದೆ. ಆಗ ವಾಹನದ ಬಿಡಿಭಾಗಗಳಿಗೆ ಹೆಚ್ಚಾಗಿ ಶೇ. 28, ರಿಪೇರಿ ಕೆಲಸಕ್ಕೆ ಶೇ. 18. ಹಾಗಾಗಿ ಸಾಲುಗಳು ಓದಲು ಬಾರದಿದ್ದರೂ ತಳದ ಮೊತ್ತ ಮತ್ತು ತೆರಿಗೆ ಕಂಡರೆ ಸಾಕಿತ್ತು. ಇದೇ ಗಾಡಿಯ ಆಗಸ್ಟ್ ತಿಂಗಳ ಬಿಲ್ಲು ತೆಗೆದುಕೊಳ್ಳಿ: ತೆರಿಗೆಗೆ ಮುಂಚಿನ ಮೊತ್ತ 9,000, ತೆರಿಗೆ 2,220. ಎಲ್ಲವೂ ಶೇ. 18 ಆಗಿದ್ದರೆ ತೆರಿಗೆ 1,620 ಇರಬೇಕಿತ್ತು. 600 ಹೆಚ್ಚಾಗಿದೆ. ಎರಡು ದರಗಳ ಅಂತರ ಶೇ. 10, ಅಂದರೆ ಆ 600 ಬಂದಿರುವುದು 6,000 ರೂಪಾಯಿಯ ಸಾಮಾನಿನಿಂದ. ಉಳಿದ 3,000 ಶೇ. 18ರದ್ದು. ಇದರಲ್ಲೂ ಒಂದು ತೊಡಕಿತ್ತು. ಇಂಜಿನ್ ಆಯಿಲ್, ಗೇರ್ ಆಯಿಲ್‌ಗೆ ಆಗಲೂ ಶೇ. 18 ಇದ್ದುದರಿಂದ ಅವು ಲೇಬರಿನ ಗುಂಪಿಗೆ ಸೇರಿಕೊಳ್ಳುತ್ತಿದ್ದವು. ಆಯಿಲ್ ಬದಲಿಸಿದ ಬಿಲ್ಲಿನಲ್ಲಿ ಆ 3,000 ಪೂರ್ತಿ ಲೇಬರ್ ಎಂದು ಬರೆದರೆ ತಪ್ಪು.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳೂ ಶೇ. 18ಕ್ಕೆ ಇಳಿದವು. ಅಂಗಡಿಗೆ ಒಳ್ಳೆಯದಾಯಿತು, ನನ್ನ ಉಪಾಯ ಸತ್ತಿತು. ಅಕ್ಟೋಬರಿನ ಬಿಲ್ಲಿನಲ್ಲಿ 12,000ಕ್ಕೆ ನೇರವಾಗಿ 2,160. ಯಾವುದು ಸಾಮಾನು, ಯಾವುದು ಕೆಲಸ ಎಂಬುದರ ಸುಳಿವೇ ಆ ಅಂಕಿಯಲ್ಲಿಲ್ಲ. ಸೆಪ್ಟೆಂಬರಿಗೂ ಮುಂಚಿನ ಬಿಲ್ಲುಗಳ ಹಳೇ ಫೋಟೋ ಬಿಡಿಸುವಾಗ ಮಾತ್ರ ಈ ದಾರಿ ಇನ್ನೂ ಉಪಯೋಗಕ್ಕೆ ಬರುತ್ತದೆ.

ಮಡಿಕೆ ಬಿಡಿಸಿದಾಗ

ಡ್ರೈವರಿಗೆ ಫೋನ್ ಮಾಡಿಸಿ, ಕಾಗದವನ್ನು ಗಾಡಿಯ ಸೀಟಿನ ಮೇಲೆ ಚಪ್ಪಟೆಯಾಗಿಟ್ಟು, ನಾಲ್ಕು ಮೂಲೆಯೂ ಬರುವ ಹಾಗೆ ಇನ್ನೊಂದು ಫೋಟೋ ತೆಗೆಸಿದೆವು. ಕೋಡ್ ಕಾಲಂ ಕಂಡಿತು: ಕ್ಲಚ್ ಸೆಟ್ಟಿಗೆ 8708, ಬೇರಿಂಗಿಗೆ 8482, ಆಯಿಲ್ ಸೀಲಿಗೆ 4016, ಗೇರ್ ಆಯಿಲಿಗೆ 2710. ಐದು, ಆರು, ಎಂಟನೇ ಸಾಲಿಗೆ 9987. ಏಳನೆಯದು ಖಾಲಿ.

ಜಿ.ಎಸ್.ಟಿ.ಯಲ್ಲಿ ಸೇವೆಗಳ ಕೋಡ್ ಎಲ್ಲ 99ರಿಂದಲೇ ಶುರು. ರಿಪೇರಿ ಮತ್ತು ನಿರ್ವಹಣೆ 9987. ಇಂಗ್ಲಿಷಿನಲ್ಲಿ ಹೆಸರು ಹೇಗೇ ಬರೆದಿರಲಿ, ಮೊದಲ ಎರಡು ಅಂಕಿ ನೋಡಿದರೆ ಸಾಕು. ಹಾಳೆಯಲ್ಲಿ ಒಂದು ಬಿಲ್ಲಿಗೆ ಒಂದು ಸಾಲು ಬರೆಯುವುದರ ಜೊತೆಗೆ, ಬಿಲ್ಲಿನ ಎಲ್ಲ ಸಾಲುಗಳನ್ನೂ ಇನ್ನೊಂದು ಪುಟದಲ್ಲಿ ಬರೆಯಲು ಹೇಳಿ, ಕೋಡ್ ಇರುವ D ಕಾಲಂನ ಪಕ್ಕದ ಕಾಲಂಗೆ ಈ ಸೂತ್ರ ಹಾಕಿಕೊಟ್ಟೆ:

```
=IF(D5="","ASK",IF(LEFT(D5,2)="99","LABOUR","PARTS"))
```

ಕೋಡ್ ಖಾಲಿ ಇದ್ದರೆ ಹಾಳೆ ತಾನಾಗಿ ಯಾವ ಕಡೆಗೂ ತಳ್ಳಬಾರದು, ಕೇಳಬೇಕು. ಹುಡುಗ ಮೊದಲು ಮಾಡಿದ್ದು ಇದರ ಉಲ್ಟಾ: ಗೊತ್ತಿಲ್ಲದ್ದೆಲ್ಲ ಸ್ಪೇರ್ಸ್.

ಕೋಡನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕೆಲವರು ಇಡೀ ಬಿಲ್ಲಿಗೆ ಒಂದೇ 9987 ಒತ್ತಿರುತ್ತಾರೆ, ಕೆಲವರು ಎಲ್ಲದಕ್ಕೂ 8708. ಎಲ್ಲ ಸಾಲಿನಲ್ಲೂ ಒಂದೇ ಕೋಡ್ ಕಂಡರೆ ಅದನ್ನು ಇಲ್ಲವೆಂದೇ ಲೆಕ್ಕ ಹಾಕಬೇಕು. ಅದಕ್ಕೇ ಎರಡನೇ ಸಾಕ್ಷಿಯಾಗಿ ತಳದ ಪಟ್ಟಿ ಬೇಕಾಗುತ್ತದೆ. ಹೊಸ ಫೋಟೋದಲ್ಲಿ ಅದೂ ಬಂದಿತ್ತು: `SPARES 8570`, `LABOUR 4000`, `SPARES DISC 570`.

ಮೊದಲ ನಾಲ್ಕು ಸಾಲು ಕೂಡಿದರೆ 8,570. ತಾಳೆ. ಆದರೆ 9987 ಇರುವ ಮೂರು ಸಾಲು ಕೂಡಿದರೆ 3,850, ಗ್ಯಾರೇಜು ಹೇಳುವುದು 4,000. ವ್ಯತ್ಯಾಸದ 150 ಕೋಡಿಲ್ಲದ ಏಳನೇ ಸಾಲು. ಅಂದರೆ ಗ್ಯಾರೇಜಿನವರು ಕನ್ಸ್ಯೂಮಬಲ್ಸ್ ಅನ್ನು ಲೇಬರಿಗೆ ಸೇರಿಸಿದ್ದಾರೆ.

ಸೇರಿಸಬಹುದೇ? ಒರೆಸುವ ಬಟ್ಟೆ, ತೊಳೆಯಲು ಡೀಸೆಲ್, ಕ್ಲೀನರ್ ಸ್ಪ್ರೇ ಇವೆಲ್ಲ ಅಂಗಡಿಯಿಂದ ತಂದ ವಸ್ತುಗಳೇ. ಸಾವ್ಕಾರ್ರ ಪ್ರಕಾರ ಅದು ಸಾಮಾನು. ನಾನು ಇಟ್ಟುಕೊಂಡ ಅಳತೆ ಬೇರೆ: ಕೆಲಸ ಮುಗಿದ ಮೇಲೆ ಅದು ಗಾಡಿಯಲ್ಲಿ ಉಳಿಯುತ್ತದೆಯೇ? ಕ್ಲಚ್ ಉಳಿಯುತ್ತದೆ, ಸೀಲ್ ಉಳಿಯುತ್ತದೆ, ಗೇರ್ ಆಯಿಲ್ ಕೂಡ ಉಳಿಯುತ್ತದೆ. ಒರೆಸಿದ ಬಟ್ಟೆ ಗ್ಯಾರೇಜಿನ ಮೂಲೆಗೆ ಹೋಗುತ್ತದೆ. ಇದು ಕಾನೂನಿನ ಮಾತಲ್ಲ, ಈ ಖಾತೆಯ ಉದ್ದೇಶಕ್ಕೆ ಮಾಡಿಕೊಂಡ ಕಟ್ಟಳೆ. ಕೊನೆಗೆ ಸಾವ್ಕಾರ್ರೂ ಒಪ್ಪಿದರು. 150 ರೂಪಾಯಿಗೆ ಎಷ್ಟು ಹೊತ್ತು ವಾದ ಮಾಡುವುದು.

ಲೇತಿನ 700ಕ್ಕೆ ಮಾತ್ರ ಬೇರೆ ಕಾಲಂ ಮಾಡಿಸಿದೆ: ಹೊರಗಿನ ಕೆಲಸ. ಅದು ಸೇವೆಯೇ ಆದರೂ ಮಾಡಿದ ಕೈ ಬೇರೆ. ಫ್ಲೈವೀಲ್ ಮುಖ ಓರೆಯಾಗಿ ಕುಳಿತರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ, ಆಗ ಕೇಳಬೇಕಾದದ್ದು ಲೇತಿನವರನ್ನು.

ಉಳಿದದ್ದು 570ರ ಡಿಸ್ಕೌಂಟ್. ಮೊದಲ ಫೋಟೋದಲ್ಲಿ ಬರೀ `LESS DISC` ಎಂದಿತ್ತು. ಆಗ ಎರಡು ಕಡೆಗೂ ಪ್ರಮಾಣದ ಮೇಲೆ ಹಂಚಿದ್ದರೆ ಸ್ಪೇರ್ಸಿಗೆ ಸುಮಾರು 389, ಉಳಿದದ್ದು ಲೇಬರಿಗೆ ಹೋಗುತ್ತಿತ್ತು. ತಳದ ಪಟ್ಟಿಯಲ್ಲಿ ಅದು ಸ್ಪೇರ್ಸಿನ ಮೇಲಿನ ಡಿಸ್ಕೌಂಟ್ ಎಂದು ಸ್ಪಷ್ಟವಿದೆ. ಪೂರ್ತಿ ಅಲ್ಲೇ ಕಳೆದೆವು. ಸರಿಪಡಿಸಿದ ಸಾಲು: ಸ್ಪೇರ್ಸ್ 8,000, ಲೇಬರ್ 3,300, ಹೊರಗಿನ ಕೆಲಸ 700, ಒಟ್ಟು ಅದೇ 12,000. ಸ್ಪೇರ್ಸ್ 3,650 ರೂಪಾಯಿ ಉಬ್ಬಿತ್ತು. ಸರಕು ಗಾಡಿಯಾದ್ದರಿಂದ ಅಂಗಡಿಗೆ ತೆರಿಗೆ ಕ್ರೆಡಿಟ್ ಸಿಗುತ್ತದೆ. ಹಾಗಾಗಿ ಖಾತೆಯಲ್ಲಿ ತೆರಿಗೆ ಬಿಟ್ಟ ಮೊತ್ತವೇ ಇರಬೇಕು.

ಸಂಕ್ರಾಂತಿ ಕಳೆದ ಮೇಲೆ

ಇದಿಷ್ಟನ್ನೂ ಸಾವ್ಕಾರ್ರು ಲೆಕ್ಕದವರ ಕಸರತ್ತು ಅಂದುಕೊಂಡಿದ್ದರು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅದೇ ಗಾಡಿ ಸಿಮೆಂಟ್ ತುಂಬಿಕೊಂಡು ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಎಂದು ಡ್ರೈವರ್ ಹೇಳಿದರು. ಕ್ಲಚ್ ಜಾರುತ್ತಿದೆ.

ಗ್ಯಾರೇಜಿನವರ ಮೊದಲ ಮಾತು: "ನೋಡ್ರಿ ಸಾವ್ಕಾರ್ರೆ, ಸಾಮಾನಿಗೆ ಆರು ತಿಂಗ್ಳು ವಾರಂಟಿ ಐತಿ, ಕಂಪನಿ ಕೊಟ್ರೆ ಕೊಡಿಸ್ತೀವಿ. ಲೇಬರ್ ಮಾತ್ರ ಬ್ಯಾರೆ ಆಗ್ತೈತಿ." ಅಂದರೆ ಗೇರ್‌ಬಾಕ್ಸ್ ಇಳಿಸಲು ಮತ್ತೆ 2,800. ಹಳೆಯ ಖಾತೆ ಹಾಗೇ ಇದ್ದಿದ್ದರೆ ಇಲ್ಲಿಗೆ ಮಾತು ಮುಗಿಯುತ್ತಿತ್ತು. ಸಾವ್ಕಾರ್ರ ಕೈಯಲ್ಲಿ 11,650 ಸ್ಪೇರ್ಸ್ ಎಂಬ ಒಂದು ಅಂಕಿ, ಎದುರಿಗೆ ಅದನ್ನು ನಂಬದ ಗ್ಯಾರೇಜು.

ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟು ಎಣ್ಣೆಯಲ್ಲಿ ನೆಂದಿತ್ತು. ಎಣ್ಣೆ ಬಿದ್ದ ಪ್ಲೇಟಿಗೆ ವಾರಂಟಿ ಸಿಗುವುದಿಲ್ಲ, ಏಕೆಂದರೆ ಅದು ಪ್ಲೇಟಿನ ದೋಷವಲ್ಲ. ಹಾಗಾದರೆ ಎಣ್ಣೆ ಎಲ್ಲಿಂದ ಬಂತು? ಕ್ಲಚ್ ಕೂರುವ ಜಾಗಕ್ಕೆ ಎರಡು ಕಡೆಯಿಂದ ಎಣ್ಣೆ ಸೋರಬಹುದು. ಇಂಜಿನ್ ಕಡೆಯ ಕ್ರ್ಯಾಂಕ್ ಸೀಲಿನಿಂದ ಬಂದರೆ ಇಂಜಿನ್ ಆಯಿಲ್. ಡೀಸೆಲ್ ಗಾಡಿಯಲ್ಲಿ ಅದು ಕಪ್ಪಗೆ, ತೆಳ್ಳಗೆ ಇರುತ್ತದೆ. ಗೇರ್‌ಬಾಕ್ಸ್ ಕಡೆಯ ಸೀಲಿನಿಂದ ಬಂದರೆ ಗೇರ್ ಆಯಿಲ್. ಅದು ಮಂದ, ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ. ಮೇಸ್ತ್ರಿ ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ, ಕೈ ತೋರಿಸಿದರು. ಕಪ್ಪು. ಘಾಟಿಲ್ಲ. ಇಂಜಿನ್ ಆಯಿಲ್.

ಆಗ ಉಪಯೋಗಕ್ಕೆ ಬಂದದ್ದು ಹಾಳೆಯ ಸಾಲುವಾರು ಪುಟ. ಮೂರನೇ ಸಾಲು: ಕ್ರ್ಯಾಂಕ್ ಹಿಂದಿನ ಸೀಲ್, 380, ಅಕ್ಟೋಬರಿನಲ್ಲಿ ಇದೇ ಗ್ಯಾರೇಜು ಹಾಕಿದ್ದು. ಅದನ್ನು ಕೂಡಿಸಿದ್ದಕ್ಕೆ ಬೇರೆ ಕೂಲಿ ಬಿಲ್ಲಿನಲ್ಲಿಲ್ಲ, ಅಂದರೆ ಆ ಕೆಲಸ 2,800ರ ಒಳಗೇ ಸೇರಿತ್ತು. ಸೀಲೇ ಕಳಪೆಯಾಗಿದ್ದರೆ ಸಾಮಾನು ಅವರದು, ಓರೆಯಾಗಿ ಕೂರಿಸಿದ್ದರೆ ಕೈ ಅವರದು. ಎರಡರಲ್ಲಿ ಯಾವುದಾದರೂ ಎರಡನೇ ಸಲದ ಲೇಬರ್ ಅಂಗಡಿಯ ತಲೆಗೆ ಬರಬಾರದು. ಅದೇ ಗೇರ್‌ಬಾಕ್ಸ್ ಕಡೆಯ ಎಣ್ಣೆಯಾಗಿದ್ದರೆ, ಆ ಸೀಲ್ ಬಿಲ್ಲಿನಲ್ಲೇ ಇಲ್ಲ; ಕೇಳುವ ಹಕ್ಕೂ ಇರುತ್ತಿರಲಿಲ್ಲ.

ಸಾವ್ಕಾರ್ರು ಫೋನಿನಲ್ಲಿ ಆ ಪುಟ ತೋರಿಸಿ ಮಾತಾಡಿದರು. ಜಗಳ ಆಗಲಿಲ್ಲ. ಸೀಲ್ ಮತ್ತು ಲೇಬರ್ ಗ್ಯಾರೇಜಿನವರು ಬಿಟ್ಟರು. ಪ್ಲೇಟು ಒಂದೇ 2,600, ಅದನ್ನು ಅರ್ಧರ್ಧ ಮಾಡಿಕೊಂಡರು: ಮೂರು ತಿಂಗಳು ಓಡಿದೆಯಲ್ಲ ಎಂಬುದು ಅವರ ವಾದ, ಪೂರ್ತಿ ನ್ಯಾಯವಲ್ಲದಿದ್ದರೂ ಪೂರ್ತಿ ಅನ್ಯಾಯವೂ ಅಲ್ಲ. ಗೇರ್ ಆಯಿಲ್ 840 ಅಂಗಡಿಯದು. ತೆರಿಗೆ ಬಿಟ್ಟು ಹೊಸ ಬಿಲ್ಲು 2,140.

ಈಗ ಖಾತೆ ನಡೆಯುವ ಬಗೆ

ಡ್ರೈವರುಗಳಿಗೆ ಹೇಳಿದ್ದು ಒಂದೇ: ಮಡಿಚುವ ಮುಂಚೆ, ಗ್ಯಾರೇಜಿನ ಮೇಜಿನ ಮೇಲೇ ಫೋಟೋ. ನಾಲ್ಕು ಮೂಲೆ ಬರಬೇಕು. ಹುಡುಗ ಮೊದಲು ತಳದ ಸ್ಪೇರ್ಸ್, ಲೇಬರ್ ಮೊತ್ತ ಬರೆದುಕೊಂಡು, ಆಮೇಲೆ ಸಾಲುಗಳನ್ನು ಏರಿಸುತ್ತಾನೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಒಟ್ಟು ತಾಳೆಯಾದರೂ ಸಾಲನ್ನು ಹಳದಿ ಮಾಡಿ ಬಿಡುತ್ತಾನೆ. ನಾನು ಬಂದಾಗ ನೋಡುವುದು ಹಳದಿ ಸಾಲುಗಳನ್ನು, ಮತ್ತೆ ಕೆಲಸದ ಹೆಸರಿಗೆ ಲೇಬರ್ ಹೊಂದುತ್ತದೆಯೇ ಎಂಬುದನ್ನು.

ಬಿಡಿಸಲಾಗದ ಬಿಲ್ಲುಗಳೂ ಬರುತ್ತವೆ. ಹೆದ್ದಾರಿ ಬದಿಯ ಸಣ್ಣ ಗ್ಯಾರೇಜುಗಳು ಜಿ.ಎಸ್.ಟಿ. ನೋಂದಣಿ ಇಲ್ಲದೆ ಬಿಳಿ ಚೀಟಿಯಲ್ಲಿ "ಬ್ರೇಕ್ ಕೆಲಸ 4,500" ಎಂದು ಬರೆದುಕೊಡುತ್ತವೆ. ಕೋಡಿಲ್ಲ, ತಳದ ಪಟ್ಟಿ ಇಲ್ಲ. ಅಂದಾಜಿನ ಮೇಲೆ ಮುಕ್ಕಾಲು ಸಾಮಾನು, ಕಾಲು ಕೂಲಿ ಎಂದು ಸೀಳಿಬಿಡೋಣ ಎಂದು ಹುಡುಗ ಕೇಳಿದ. ಬೇಡವೆಂದೆ. ಬರೆದ ಮೇಲೆ ಆ ಅಂದಾಜು ಅಂದಾಜಾಗಿ ಕಾಣುವುದಿಲ್ಲ, ಉಳಿದ ನಿಜವಾದ ಅಂಕಿಗಳ ಜೊತೆ ಸೇರಿ ಕೂಡಿಕೆಯಾಗುತ್ತದೆ. ಅಂಥವಕ್ಕೆ "ಒಟ್ಟು ಕೆಲಸ" ಎಂಬ ಕಾಲಂ ಇದೆ. ಸಾಧ್ಯವಾದರೆ ಡ್ರೈವರ್ ಆ ಚೀಟಿಯ ಹಿಂದೆಯೇ ಮೇಸ್ತ್ರಿಯಿಂದ ಸಾಮಾನಿಗೆಷ್ಟು, ಕೂಲಿಗೆಷ್ಟು ಎಂದು ಬರೆಸಿಕೊಂಡು ಬರುತ್ತಾರೆ.

ಕ್ಲಚ್ಚಿನ ಎರಡನೇ ಬಿಲ್ಲು ಏರಿಸುವಾಗ ಹುಡುಗ ಪ್ಲೇಟು, ಗೇರ್ ಆಯಿಲ್ ಎರಡನ್ನೇ ಬರೆದಿದ್ದ. ದುಡ್ಡು ಹೋದದ್ದು ಅವೆರಡಕ್ಕೇ. ಸೀಲ್ 0, `CLUTCH ASSY R/R` 0 ಎಂಬ ಸಾಲುಗಳನ್ನೂ ಸೇರಿಸಿ, ಷರಾದಲ್ಲಿ ಹಳೆಯ ಬಿಲ್ಲಿನ ನಂಬರ್ ಹಾಕಿಸಿದೆ. ಇಲ್ಲದಿದ್ದರೆ ಈ ಗಾಡಿಯ ಗೇರ್‌ಬಾಕ್ಸ್ ನಾಲ್ಕು ತಿಂಗಳೊಳಗೆ ಎರಡು ಸಲ ಇಳಿದಿದೆ ಎಂಬುದು ಮುಂದಿನ ವರ್ಷ ಗಾಡಿ ಮಾರುವ ಮಾತು ಬಂದಾಗ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ.